ಚಹಾ ವಿರಾಮದಲ್ಲಿ ಆಡಿದ ಮಾತನ್ನು ಮೇಲ್‌ನಲ್ಲಿ ನೆನಪಿಸಬೇಕು. ಕರಡು ಹಾಕಿದ್ದೇನೆ, ತಿದ್ದಿಕೊಡಿ

ಶಿಡ್ಲಘಟ್ಟದ ನೂಲಿನವ · ಶುಕ್ರವಾರ ಸಂಜೆ 7:10

ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕ. ಅಪ್ಪನ ಕಾಲದಲ್ಲಿ ಎರಡು ಚರಕ ಇದ್ದವು, ಈಗ ಬೆಂದ ಗೂಡಿನಿಂದ ಎಳೆ ತೆಗೆಯುವ ಹತ್ತು ಬೇಸಿನ್‌ಗಳ ಮಲ್ಟಿಎಂಡ್ ಯಂತ್ರ ಇದೆ. ಹಳೆಯ ಕೊಳವೆಬಾವಿ ಬತ್ತಿ, ಹೊಸದನ್ನು ಆಳಕ್ಕೆ ಕೊರೆಸಿದ ಮೇಲೆ ಎಳೆ ತುಂಡಾಗುವುದು ಹೆಚ್ಚಾಗಿದೆ. ಮೊನ್ನೆ ಬುಧವಾರ ಬೆಂಗಳೂರಿನಲ್ಲಿ ರೇಷ್ಮೆ ಕುರಿತ ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಮಧ್ಯಾಹ್ನದ ಚಹಾ ವಿರಾಮದಲ್ಲಿ ವಿಜ್ಞಾನಿಯೊಬ್ಬರು ಸಿಕ್ಕರು. ಇಪ್ಪತ್ತು ನಿಮಿಷ ನಿಂತೇ ಮಾತನಾಡಿದೆವು. ನನ್ನಂಥವನ ಮಾತನ್ನು ಅಷ್ಟು ಹೊತ್ತು ಕಿವಿಗೊಟ್ಟು ಕೇಳಿದವರು ಈವರೆಗೆ ಯಾರೂ ಇರಲಿಲ್ಲ. ಹೊರಡುವಾಗ ಕಾರ್ಡ್ ಕೊಟ್ಟು "ಬರೆಯಿರಿ" ಎಂದರು.

ಎರಡು ರಾತ್ರಿ ಕುಳಿತು ಇಷ್ಟು ಬರೆದಿದ್ದೇನೆ:

> ಮಾನ್ಯ ಮೇಡಂ, ತಮ್ಮನ್ನು ಸಂಕಿರಣದಲ್ಲಿ ಭೇಟಿಯಾಗಿದ್ದು ಅತ್ಯಂತ ಸಂತೋಷ ತಂದಿತು. ತಮ್ಮ ಅಮೂಲ್ಯ ಸಲಹೆಗಳು ನಮಗೆ ದಾರಿದೀಪವಾಗಿವೆ. ಮುಂದೆಯೂ ತಮ್ಮ ಮಾರ್ಗದರ್ಶನ ಹೀಗೆಯೇ ಇರಲಿ ಎಂದು ಕೋರುತ್ತೇನೆ.

ಓದಿದರೆ ಸನ್ಮಾನ ಪತ್ರದ ಹಾಗಿದೆ. ಅವರಿಗೆ ನಾನು ಯಾರೆಂದು ಇದರಿಂದ ನೆನಪಾಗುತ್ತದೆಯೇ? ಏನು ಬದಲಿಸಬೇಕು?

ಕೋಲಾರದ ನಿವೃತ್ತ ಗುಮಾಸ್ತ · ಶುಕ್ರವಾರ ಸಂಜೆ 7:42

ತಮ್ಮಾ, ಪತ್ರಕ್ಕೆ ಒಂದು ಕ್ರಮವಿದೆ. ಮೇಲೆ ಎಡಕ್ಕೆ "ಇಂದ", ಅದರ ಕೆಳಗೆ ಪೂರ್ಣ ವಿಳಾಸ. ಆಮೇಲೆ "ಇವರಿಗೆ". ನಂತರ "ಮಾನ್ಯರೇ", "ವಿಷಯ", ಅದರ ಕೆಳಗೆ "ಉಲ್ಲೇಖ: ದಿನಾಂಕದಂದು ತಮ್ಮೊಂದಿಗೆ ನಡೆದ ಮೌಖಿಕ ಚರ್ಚೆ". ಮೊದಲ ಸಾಲು "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದೇ ಇರಬೇಕು. ಮೂವತ್ತು ವರ್ಷ ಕಡತ ಬರೆದಿದ್ದೇನೆ, ಈ ಕ್ರಮದಲ್ಲಿ ಬರೆದ ಪತ್ರ ತಿರಸ್ಕಾರವಾದದ್ದಿಲ್ಲ. ಇನ್ನೊಂದು ಮಾತು: ಬುಧವಾರದ ಭೇಟಿಗೆ ಗುರುವಾರವೇ ಮೇಲ್ ಹೋಗಬೇಕಿತ್ತು. ಇಪ್ಪತ್ತನಾಲ್ಕು ಗಂಟೆ ದಾಟಿದರೆ ಪ್ರಯೋಜನವಿಲ್ಲ ಎಂದು ನನ್ನ ಮಗ ಹೇಳುತ್ತಾನೆ.

ತುಮಕೂರು ಬಸ್ಸಿನ ಕಿಟಕಿ · ಶುಕ್ರವಾರ ರಾತ್ರಿ 8:30

ನಾನು ಹತ್ತು ಹನ್ನೆರಡು ವರ್ಷಗಳಿಂದ ಇಂಥ ಸಂಕಿರಣಗಳನ್ನು ನಡೆಸುವ ಕೆಲಸದಲ್ಲಿದ್ದೇನೆ. ಭಾಷಣಕಾರರಿಗೆ ಮುಗಿದ ಮರುದಿನ ಬರುವ ಮೇಲ್‌ಗಳನ್ನು ಎಷ್ಟೋ ಸಲ ಅವರ ಪಕ್ಕದಲ್ಲೇ ಕುಳಿತು ನೋಡಿದ್ದೇನೆ. "ಭೇಟಿ ಸಂತೋಷ ತಂದಿತು" ಎಂಬ ಮೇಲ್ ಬಂದಾಗ ಅವರು ಮಾಡುವುದು ಒಂದೇ: ಹುಬ್ಬು ಗಂಟಿಕ್ಕಿ ಕಳಿಸಿದವರ ಹೆಸರನ್ನು ಎರಡು ಸಲ ಓದುತ್ತಾರೆ, "ಇವರು ಯಾರಮ್ಮಾ?" ಎಂದು ನನ್ನನ್ನು ಕೇಳುತ್ತಾರೆ, ನನಗೂ ಗೊತ್ತಿರುವುದಿಲ್ಲ, ಮುಂದಿನ ಮೇಲ್‌ಗೆ ಹೋಗುತ್ತಾರೆ. ಅದರಲ್ಲಿ ತಿರಸ್ಕಾರವೇನೂ ಇಲ್ಲ. ಎರಡು ದಿನದಲ್ಲಿ ಐವತ್ತು ಜನರೊಂದಿಗೆ ಮಾತನಾಡಿರುತ್ತಾರೆ.

ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಅರ್ಧ ಸರಿ. ತಡವಾದಷ್ಟೂ ನೆನಪು ಮಸುಕಾಗುತ್ತದೆ ಎಂಬುದು ನಿಜ, ಆದರೆ ಹೆಚ್ಚು ಮಸುಕಾಗುವುದು ಬರೆಯುವವರ ನೆನಪು. ಓದುವವರು ಎರಡನೆಯ ದಿನವೂ ಪ್ರಯಾಣದಲ್ಲೇ ಇರುತ್ತಾರೆ. ಮೂರನೆಯ, ನಾಲ್ಕನೆಯ ದಿನಕ್ಕೆ ಏನೂ ಕೆಡುವುದಿಲ್ಲ. "ತಡವಾಗಿದ್ದಕ್ಕೆ ಕ್ಷಮಿಸಿ" ಎಂದು ಶುರು ಮಾಡಬೇಡಿ, ತಡವೇ ಆಗಿಲ್ಲ.

ಈಗ ಕರಡನ್ನು ಬದಿಗಿಡಿ. ಆ ಇಪ್ಪತ್ತು ನಿಮಿಷದಲ್ಲಿ ಏನೇನು ನಡೆಯಿತು, ಯಾರು ಏನು ಅಂದರು, ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು, ಎಲ್ಲವನ್ನೂ ಇಲ್ಲಿ ಬರೆಯಿರಿ. ಖಚಿತವಿಲ್ಲದ್ದನ್ನು ಖಚಿತವಿಲ್ಲ ಎಂದೇ ಬರೆಯಿರಿ.

ಶಿಡ್ಲಘಟ್ಟದ ನೂಲಿನವ · ಶುಕ್ರವಾರ ರಾತ್ರಿ 9:25

ಸರಿ ಮೇಡಂ, ನೆನಪಿರುವಷ್ಟು ಬರೆಯುತ್ತೇನೆ.

ಯಂತ್ರಗಳನ್ನು ಇಟ್ಟಿದ್ದ ಸಭಾಂಗಣದ ಪಕ್ಕ, ಕಿಟಕಿಯ ಬಳಿ ನಿಂತಿದ್ದೆವು. ಗೂಡು ಬೇಯಿಸುವ ತೊಟ್ಟಿಯ ಒಳಗೋಡೆಗೆ ಕಟ್ಟಿಕೊಂಡಿದ್ದ ಬಿಳಿ ಹಕ್ಕಳೆಯನ್ನು ಕೆರೆದು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋಗಿದ್ದೆ. ಯಾರಾದರೂ ತಿಳಿದವರು ಸಿಕ್ಕರೆ ತೋರಿಸೋಣ ಎಂದುಕೊಂಡಿದ್ದೆ. ಮೇಡಂ ಅದನ್ನು ಅಂಗೈಗೆ ಸುರಿದುಕೊಂಡು, ಬೆರಳಿನಲ್ಲಿ ಉಜ್ಜಿ, "ಇದು ಎಷ್ಟು ದಿನದ್ದು?" ಎಂದರು. ಇಪ್ಪತ್ತು ದಿನದ್ದು ಎಂದೆ. ಆಮೇಲೆ, ಬೇಯಿಸುವ ನೀರು ಮತ್ತು ಬೇಸಿನ್ ನೀರು ಎರಡೂ ಒಂದೇ ಕೊಳವೆಬಾವಿಯದೇ ಎಂದು ಕೇಳಿದರು. ಹೌದು ಎಂದೆ. ಮನೆಗೆ ಬಂದ ಮೇಲೆ ತಿಳಿಯಿತು, ವಾರದಲ್ಲಿ ಎರಡು ದಿನ ಬೇಸಿನ್‌ಗೆ ನಮ್ಮ ಹುಡುಗರು ಟ್ಯಾಂಕರ್ ನೀರು ಬಿಡುತ್ತಾರಂತೆ. ನಾನು ಹೇಳಿದ್ದು ತಪ್ಪು.

ನೀರಿನ ಪರೀಕ್ಷೆಯ ವರದಿ ಇದ್ದರೆ ಕಳಿಸಿ ಎಂದರು. ಎರಡು ತಿಂಗಳ ಹಿಂದೆ ಮಾಡಿಸಿದ್ದು ಇದೆ: ನೀರಿನಲ್ಲಿ ಕರಗಿದ ಒಟ್ಟು ಲವಣ ಅಂದರೆ ಟಿಡಿಎಸ್ 910, ಒಟ್ಟು ಗಡಸುತನ 480. ಒಂದು ಸಂಖ್ಯೆ ಹೇಳಿದರು, "ನೂರರ ಆಸುಪಾಸಿಗೆ ತರಲು ನೋಡಿ" ಎಂದು. ಟಿಡಿಎಸ್ ಎಂದರೋ ಗಡಸುತನ ಎಂದರೋ ನೆನಪಿಲ್ಲ. ಟಿಡಿಎಸ್ ಇರಬೇಕು.

ಮಾತಿನ ನಡುವೆ ಅವರ ಅಜ್ಜಿಯ ಮನೆ ಚಿಂತಾಮಣಿ ಕಡೆ ಎಂದರು. ಹುಳು ಹಣ್ಣಾದ ದಿನ ನಡುಮನೆ ಪೂರ್ತಿ ಹುಳು ಗೂಡು ಕಟ್ಟುವ ಚಂದ್ರಿಕೆಗಳಿಗೆ, ಮಕ್ಕಳೆಲ್ಲ ಜಗುಲಿಗೆ ಎಂದು ನಕ್ಕರು. ತಾಯಿಯ ಮಂಡಿ ಶಸ್ತ್ರಚಿಕಿತ್ಸೆ ಆಗಿದೆ, ನಾಲ್ಕು ಗಂಟೆಗೆ ಹೊರಡಬೇಕು ಎಂದೂ ಹೇಳಿದರು.

ಕಾರ್ಡಿನ ಹಿಂದೆ ಬಸ್ಸಿನಲ್ಲಿ ಕುಳಿತು ಗೀಚಿಕೊಂಡದ್ದು ಇಷ್ಟು: "ನೀರು, 100, ಎರಡೂ ಒಂದೇನಾ, ವರದಿ, ಅಮ್ಮ".

ಚಿಂತಾಮಣಿ ಮೋಟಾರು ಪಂಪು · ಶುಕ್ರವಾರ ರಾತ್ರಿ 9:50

ನೂಲಿನವರೇ, ಮೇಲ್‌ ಎಲ್ಲ ಯಾಕೆ? ಒಂದು ಸಾಫ್ಟನರ್ ಹಾಕಿಸಿ, ಟಿಡಿಎಸ್ ನೂರಕ್ಕೆ ಬರುತ್ತದೆ. ಟಿಡಿಎಸ್ಸೂ ಗಡಸುತನವೂ ಒಂದೇ, ಹೆಸರು ಎರಡು ಅಷ್ಟೇ. ಪೆನ್ನಿನ ಹಾಗಿರುವ ಮೀಟರ್ ಸಿಗುತ್ತದೆ, ಅದ್ದಿ ನೋಡಿದರೆ ಸಾಕು. ನಿಮ್ಮ ಘಟಕಕ್ಕೆ ಎಷ್ಟು ಲೀಟರ್ ಬೇಕು ಹೇಳಿ, ನಾನೇ ಬಂದು ನೋಡುತ್ತೇನೆ.

ಹಿಪ್ಪುನೇರಳೆ ಹಳಬ · ಶುಕ್ರವಾರ ರಾತ್ರಿ 10:15

ಪಂಪಿನವರೇ, ಒಂದೇ ಅಲ್ಲ. ಸಾಫ್ಟನರ್ ಮಾಡುವ ಕೆಲಸವೇ ಇದಕ್ಕೆ ಸಾಕ್ಷಿ. ಅದು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಗಡಸುತನ ಇಳಿಯುತ್ತದೆ, ನಿಮ್ಮ ಪೆನ್ನು ಮಾತ್ರ ಹೆಚ್ಚುಕಡಿಮೆ ಹಿಂದಿನ ಸಂಖ್ಯೆಯನ್ನೇ ತೋರಿಸುತ್ತದೆ. ಏಕೆಂದರೆ ಪೆನ್ನು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಯಾವ ಲವಣ ಕರಗಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಎರಡನ್ನೂ ಇಳಿಸಬೇಕೆಂದರೆ ಆರ್‌ಒ ಬೇಕು, ಅದರ ಖರ್ಚೂ ಬೇರೆ, ಹೊರಗೆ ಚೆಲ್ಲುವ ನೀರೂ ಬೇರೆ.

ನೂಲಿನವರ ಹಕ್ಕಳೆ ಗಡಸು ನೀರಿನದೇ. ಗೂಡಿನ ಎಳೆಗಳನ್ನು ಒಂದಕ್ಕೊಂದು ಅಂಟಿಸಿರುವ ಸೆರಿಸಿನ್ ಎಂಬ ಗೋಂದು ಗಡಸು ನೀರಿನಲ್ಲಿ ಸರಿಯಾಗಿ ಮೆದುವಾಗುವುದಿಲ್ಲ. ಎಳೆ ಸಲೀಸಾಗಿ ಬಿಚ್ಚಿಕೊಳ್ಳದೆ ತುಂಡಾಗುತ್ತದೆ. ಹಾಗೆಂದು ನೀರು ತೀರಾ ಮೆದುವಾದರೆ ಗೋಂದು ಹೆಚ್ಚು ಕರಗಿ ನೂಲಿನ ತೂಕ ಹೋಗುತ್ತದೆ. ಆದ್ದರಿಂದ ಮೇಡಂ ಹೇಳಿದ್ದು ಗಡಸುತನವೇ ಇರಬೇಕು ಎಂದು ನನ್ನ ಊಹೆ. ಆದರೆ ಅದು ನನ್ನ ಊಹೆ, ಅವರ ಮಾತಲ್ಲ. ಮೇಲ್‌ನಲ್ಲಿ "ನೀವು ಟಿಡಿಎಸ್ ನೂರಕ್ಕೆ ತರಲು ಹೇಳಿದಿರಿ" ಎಂದು ಬರೆದುಬಿಟ್ಟರೆ, ಹೇಳದ ಮಾತನ್ನು ಅವರ ಬಾಯಿಗೆ ಹಾಕಿದಂತಾಗುತ್ತದೆ.

ತುಮಕೂರು ಬಸ್ಸಿನ ಕಿಟಕಿ · ಶುಕ್ರವಾರ ರಾತ್ರಿ 11:05

ಹಳಬರು ಮುಖ್ಯವಾದ ಜಾಗಕ್ಕೆ ಬೆರಳಿಟ್ಟರು.

ನೂಲಿನವರೇ, ಸಾಮಗ್ರಿ ನಿಮ್ಮಲ್ಲಿ ಬೇಕಾದಷ್ಟಿದೆ. ಮೊದಲ ಕರಡಿನಲ್ಲಿ ಅದರಲ್ಲಿ ಒಂದು ಕಾಳೂ ಇರಲಿಲ್ಲ. ಆದರೆ ಎಲ್ಲವನ್ನೂ ತುಂಬಬೇಡಿ. ಇಪ್ಪತ್ತು ನಿಮಿಷದ ಮಾತನ್ನು ಸಾಲು ಸಾಲಾಗಿ ಒಪ್ಪಿಸಿದರೆ ಅದು ಸಭೆಯ ನಡಾವಳಿ ಆಗುತ್ತದೆ. ಓದುವವರಿಗೆ, ಈ ಮನುಷ್ಯ ನನ್ನ ಮಾತನ್ನೆಲ್ಲ ಧ್ವನಿಮುದ್ರಿಸಿಕೊಂಡನೇ ಎಂಬ ಅನುಮಾನವೂ ಬರಬಹುದು.

ನಾನಾದರೆ ಮೊದಲು ಬೆಂಕಿಪೊಟ್ಟಣವನ್ನು ಹಿಡಿದುಕೊಳ್ಳುತ್ತೇನೆ. ಆ ಸಂಕಿರಣದಲ್ಲಿ ಬೆಂಕಿಪೊಟ್ಟಣ ತಂದವರು ನೀವೊಬ್ಬರೇ. "ಬೆಂಕಿಪೊಟ್ಟಣದಲ್ಲಿ ಹಕ್ಕಳೆ ತೋರಿಸಿದವನು" ಎಂದ ಕೂಡಲೇ ಅವರ ಅಂಗೈಗೆ ಆ ಪುಡಿ ನೆನಪಾಗುತ್ತದೆ. ನಿಮ್ಮ ಹೆಸರು, ಊರು, ಘಟಕದ ಅಳತೆ ಆಮೇಲೆ ಬರಲಿ. ಎಷ್ಟೋ ಜನ ಮೊದಲ ಸಾಲಿನಲ್ಲಿ ತಮ್ಮ ಹುದ್ದೆ ಬರೆಯುತ್ತಾರೆ. ಕಿಟಕಿಯ ಬಳಿ ನಿಂತು ಮಾತನಾಡುವಾಗ ನಿಮ್ಮ ಹುದ್ದೆಯನ್ನು ಅವರು ನೋಡಿಯೇ ಇಲ್ಲ, ಅದರಿಂದ ನೆನಪಾಗುವುದು ಹೇಗೆ?

ಎರಡನೆಯದು ಅವರ ಪ್ರಶ್ನೆ. ಜನ ಎದುರಿನವರ ಸಲಹೆಯನ್ನು ಹೊಗಳುತ್ತಾರೆ, ಅವರು ಕೇಳಿದ ಪ್ರಶ್ನೆಯನ್ನು ಮರೆಯುತ್ತಾರೆ. "ಎರಡೂ ಒಂದೇ ನೀರೇ?" ಎಂದು ಕೇಳಿದರಲ್ಲ, ಅದಕ್ಕೆ ನೀವು ಕೊಟ್ಟ ಉತ್ತರ ತಪ್ಪಾಗಿತ್ತು. ತಪ್ಪನ್ನು ನೇರವಾಗಿ ತಿದ್ದಿ. ಅವರ ಪ್ರಶ್ನೆ ನಿಮ್ಮೊಂದಿಗೆ ಶಿಡ್ಲಘಟ್ಟದವರೆಗೂ ಬಂತು, ನೀವು ಹೋಗಿ ವಿಚಾರಿಸಿದಿರಿ ಎಂಬುದು ಇದರಲ್ಲಿ ತಾನಾಗಿಯೇ ಕಾಣುತ್ತದೆ. ದಾರಿದೀಪ ಎಂಬ ಮಾತು ಹೇಳಲಾಗದ್ದನ್ನು ಟ್ಯಾಂಕರ್ ನೀರು ಹೇಳುತ್ತದೆ.

ಮೂರನೆಯದು ಆ ನೂರು. ನೆನಪು ಅನುಮಾನವಿದ್ದರೆ ಅನುಮಾನವನ್ನೇ ಬರೆಯಿರಿ: "ನೂರರ ಆಸುಪಾಸು ಎಂದಿರಿ ಎಂದು ಗುರುತು ಹಾಕಿಕೊಂಡಿದ್ದೇನೆ, ಅದು ಗಡಸುತನವೋ ಟಿಡಿಎಸ್ಸೋ ಬರೆದುಕೊಳ್ಳಲಿಲ್ಲ." ಅವರು ಉತ್ತರಿಸಲು ಒಂದೇ ಪದ ಸಾಕು. ಉತ್ತರ ಬರೆಯಲು ಸುಲಭವಾದಷ್ಟೂ ಬರುವ ಸಾಧ್ಯತೆ ಹೆಚ್ಚು. "ಮಾರ್ಗದರ್ಶನ ಇರಲಿ" ಎಂಬುದಕ್ಕೆ ಏನು ಉತ್ತರ ಬರೆಯಬೇಕು, ನೀವೇ ಹೇಳಿ. "ಆಗಲಿ" ಎಂದೇ?

ಗುಮಾಸ್ತರ "ಉಲ್ಲೇಖ" ನನಗೆ ನಗು ತರಿಸಿದ್ದು ನಿಜ, ಆದರೆ ಯೋಚಿಸಿದರೆ ಆ ಒಂದು ಸಾಲಿನಲ್ಲಿ ಸತ್ತ್ವವಿದೆ. ದಿನ, ಜಾಗ, ಏನು ಮಾತು ಎಂಬ ಮೂರೂ ಅದರಲ್ಲಿವೆ. ಕಚೇರಿಯ ಬಟ್ಟೆ ಬಿಚ್ಚಿಸಿ ಅದನ್ನೇ ವಿಷಯದ ಸಾಲಿಗೆ ತನ್ನಿ. ಮೊಬೈಲಿನಲ್ಲಿ ವಿಷಯದ ಸಾಲು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ, ಆದ್ದರಿಂದ ಮುಖ್ಯವಾದ ಪದ ಮೊದಲು ಬರಲಿ.

ಗೌರಿಬಿದನೂರು ಎಂಜಿನಿಯರ್ ಹುಡುಗ · ಶುಕ್ರವಾರ ರಾತ್ರಿ 11:40

ನನ್ನ ಕಥೆ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಹೋದ ವರ್ಷ ಒಂದು ತಂತ್ರಜ್ಞಾನ ಸಮ್ಮೇಳನದಲ್ಲಿ ಮೂವತ್ತೆರಡು ಕಾರ್ಡ್ ಸಂಗ್ರಹಿಸಿದೆ. ರಾತ್ರಿಯೇ ಎಲ್ಲರಿಗೂ ಒಂದೇ ಮೇಲ್, ಹೆಸರು ಮಾತ್ರ ಬೇರೆ: "ನಮ್ಮ ಸಂಭಾಷಣೆ ನನ್ನ ಮನಸ್ಸಿನಲ್ಲಿ ಉಳಿದಿದೆ." ಹಾಳೆಯಲ್ಲಿ ಒಂದು ಸಾಲು ಜಾರಿ ಎಲ್ಲರಿಗೂ ಪಕ್ಕದವರ ಹೆಸರು ಹೋಯಿತು. ಒಬ್ಬರು ಮಾತ್ರ ಉತ್ತರಿಸಿದರು: "ನಾನು ಅವರಲ್ಲ, ಆದರೆ ಅವರ ಪಕ್ಕದಲ್ಲೇ ನಿಂತಿದ್ದೆ. ನಿಮ್ಮೊಂದಿಗೆ ನಾನು ಮಾತನಾಡಲೇ ಇಲ್ಲ."

ಈಗ ಬೇರೆ ಅಭ್ಯಾಸ ಮಾಡಿಕೊಂಡಿದ್ದೇನೆ. ಮಾತು ಮುಗಿದ ಕೂಡಲೇ, ಇನ್ನೊಬ್ಬರ ಹತ್ತಿರ ಹೋಗುವ ಮುನ್ನ, ಮೂಲೆಯಲ್ಲಿ ನಿಂತು ಅವರು ಬಳಸಿದ ಒಂದು ಪದವನ್ನು ಇದ್ದ ಹಾಗೇ ಬರೆದುಕೊಳ್ಳುತ್ತೇನೆ. ಅರ್ಥವನ್ನಲ್ಲ, ಪದವನ್ನು. ಅರ್ಥ ಬರೆದುಕೊಂಡರೆ ಸಂಜೆಯ ಹೊತ್ತಿಗೆ ಅದು ನನ್ನ ಮಾತಾಗಿಬಿಟ್ಟಿರುತ್ತದೆ. ಅಣ್ಣಾ, ನಿಮಗೆ "100" ಉಳಿದು "ಗಡಸುತನ" ಹಾರಿಹೋದದ್ದೂ ಹೀಗೆಯೇ ಅನ್ನಿಸುತ್ತದೆ.

ಮಧುಗಿರಿ ಬೆಟ್ಟದ ನೆರಳು · ಶನಿವಾರ ಬೆಳಿಗ್ಗೆ 6:50

ಯಾರೂ ಹೇಳದ ಒಂದು ಮಾತು. ತಾಯಿಯ ಶಸ್ತ್ರಚಿಕಿತ್ಸೆಯ ವಿಷಯ ಖಂಡಿತ ಬರೆಯಿರಿ, ಮೊದಲ ಸಾಲಿನಲ್ಲೇ ಬರೆಯಿರಿ. "ಅಮ್ಮ ಹೇಗಿದ್ದಾರೆ?" ಎಂದು ಕೇಳದವನು ಎಂಥ ಮನುಷ್ಯ? ನಮ್ಮ ಕಡೆ ಮನೆಯವರನ್ನು ವಿಚಾರಿಸದೆ ಕೆಲಸದ ಮಾತಿಗೆ ಇಳಿಯುವುದಿಲ್ಲ.

ತುಮಕೂರು ಬಸ್ಸಿನ ಕಿಟಕಿ · ಶನಿವಾರ ಬೆಳಿಗ್ಗೆ 7:30

ಇದರಲ್ಲಿ ನನ್ನ ಅಭಿಪ್ರಾಯ ಬೇರೆ. ಅವರು ಅದನ್ನು ಹೇಳಿದ್ದು ಹೊರಡುವ ಅವಸರಕ್ಕೆ ಕಾರಣವಾಗಿ. ಕಚೇರಿಯ ಮೇಲ್ ವಿಳಾಸ ಅದು, ಸಹಾಯಕರು ತೆರೆಯಬಹುದು, ಇನ್ನೊಬ್ಬ ವಿಜ್ಞಾನಿಗೆ ಹಾಗೆಯೇ ಮುಂದಕ್ಕೆ ಕಳಿಸಬಹುದು. ಎದುರಾಎದುರು ಕೇಳಿದರೆ ಅಕ್ಕರೆ ಎನಿಸುವ ಕಾಯಿಲೆಯ ಮಾತು ಬರಹದಲ್ಲಿ ಉಳಿದು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಅಜ್ಜಿಯ ಮನೆಯ ಚಂದ್ರಿಕೆ ಹಾಗಲ್ಲ. ಅದನ್ನು ಅವರು ನಗುತ್ತಾ, ಕೇಳಲಿ ಎಂದೇ ಹೇಳಿದ್ದು. ಅದು ಯಾರ ಕಣ್ಣಿಗೆ ಬಿದ್ದರೂ ಅಡ್ಡಿಯಿಲ್ಲ.

ಮಧುಗಿರಿ ಬೆಟ್ಟದ ನೆರಳು · ಶನಿವಾರ ಬೆಳಿಗ್ಗೆ 7:44

ಒಪ್ಪುವುದಿಲ್ಲ. ನಮ್ಮ ತಾಯಿ ಆಸ್ಪತ್ರೆಯಲ್ಲಿದ್ದಾಗ ಪರಿಚಯವೇ ಸರಿಯಾಗಿ ಇಲ್ಲದ ಒಬ್ಬರು ಒಂದು ಸಾಲು ಬರೆದು ಕೇಳಿದ್ದರು. ಇವತ್ತಿಗೂ ಅವರನ್ನು ಮರೆತಿಲ್ಲ.

ಹಿಪ್ಪುನೇರಳೆ ಹಳಬ · ಶನಿವಾರ ಬೆಳಿಗ್ಗೆ 8:05

ಇಬ್ಬರ ಮಾತಿಗೂ ತೂಕವಿದೆ. ನಾನಾದರೆ ಮೇಲ್‌ನಲ್ಲಿ ಬರೆಯುವುದಿಲ್ಲ, ಮುಂದೆ ಫೋನಿನಲ್ಲಿ ಮಾತನಾಡುವಾಗ ಕೇಳುತ್ತೇನೆ.

ಶಿಡ್ಲಘಟ್ಟದ ನೂಲಿನವ · ಶನಿವಾರ ಬೆಳಿಗ್ಗೆ 9:20

ಎಲ್ಲರಿಗೂ ಕೈಮುಗಿಯುತ್ತೇನೆ. ಹೊಸ ಕರಡು ಬರೆದು, ಮೊದಲು ನನಗೇ ಕಳಿಸಿಕೊಂಡು ಮೊಬೈಲಿನಲ್ಲಿ ತೆರೆದರೆ ಎದೆ ಧಸಕ್ಕೆಂದಿತು. "ಮಾನ್ಯರೇ" ಇದ್ದ ಕಡೆ ಹೀಗೆ ಕಾಣುತ್ತಿದೆ:

```
ªÀiÁ£ÀågÉÃ
```

ಅಂಗಡಿಯ ಕಂಪ್ಯೂಟರಿನಲ್ಲಿ ನುಡಿಯಲ್ಲಿ ಟೈಪ್ ಮಾಡಿಸಿ ಮೇಲ್‌ಗೆ ಅಂಟಿಸಿದ್ದೆ. ಹೀಗೇಕೆ?

ಗೌರಿಬಿದನೂರು ಎಂಜಿನಿಯರ್ ಹುಡುಗ · ಶನಿವಾರ ಬೆಳಿಗ್ಗೆ 9:31

ಅಣ್ಣಾ, ಅದು ನುಡಿಯ ಹಳೆಯ ಅಕ್ಷರಶೈಲಿಯ ಬರಹ, ಯೂನಿಕೋಡ್ ಅಲ್ಲ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ, ಬೇರೆ ಕಡೆ ಹೀಗೆ ಚಿತ್ತಾರವಾಗುತ್ತದೆ. ಸದ್ಯ, ನಿಮಗೇ ಕಳಿಸಿಕೊಂಡು ನೋಡಿದಿರಿ. ಪರಿವರ್ತಕದ ತಂಟೆಗೆ ಹೋಗಬೇಡಿ, ಕೆಲವು ಒತ್ತಕ್ಷರಗಳು ಕೈಕೊಡುತ್ತವೆ. ಮೊಬೈಲಿನ ಕನ್ನಡ ಕೀಲಿಮಣೆಯಲ್ಲೇ ಬರೆಯಿರಿ, ನಾಲ್ಕು ಪ್ಯಾರಾ ತಾನೇ. ವರದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿದ್ದರೆ ಪಿಡಿಎಫ್ ಮಾಡಿ. `IMG_2041.jpg` ಎಂಬ ಹೆಸರಿನಲ್ಲಿ ಕಳಿಸಿದರೆ ಆರು ತಿಂಗಳ ನಂತರ ಅವರ ಕಂಪ್ಯೂಟರಿನಲ್ಲಿ ಅದು ಯಾರದ್ದೆಂದು ತಿಳಿಯುವುದಿಲ್ಲ. ಕಡತದ ಹೆಸರಿನಲ್ಲಿ ಊರೂ ತಿಂಗಳೂ ಇರಲಿ.

ಶಿಡ್ಲಘಟ್ಟದ ನೂಲಿನವ · ಶನಿವಾರ ಬೆಳಿಗ್ಗೆ 10:40

ಮೊಬೈಲಿನಲ್ಲೇ ಬರೆದೆ. ಇದನ್ನು ಕಳಿಸಲೇ?

> ವಿಷಯ: ಗೂಡು ಬೇಯಿಸುವ ನೀರಿನ ವರದಿ, ಶಿಡ್ಲಘಟ್ಟ (ಬುಧವಾರ ಮಾತನಾಡಿದ್ದು)
>
> ನಮಸ್ಕಾರ ಮೇಡಂ,
>
> ಬುಧವಾರ ಚಹಾ ವಿರಾಮದಲ್ಲಿ ಕಿಟಕಿಯ ಬಳಿ, ಬೆಂಕಿಪೊಟ್ಟಣದಲ್ಲಿ ಬಿಳಿ ಹಕ್ಕಳೆ ತೋರಿಸಿದ ಶಿಡ್ಲಘಟ್ಟದ ರೀಲರ್ ನಾನು. ಅದನ್ನು ನೀವು ಅಂಗೈಯಲ್ಲಿ ಉಜ್ಜಿ ನೋಡಿದಿರಿ.
>
> ಬೇಯಿಸುವ ನೀರು, ಬೇಸಿನ್ ನೀರು ಎರಡೂ ಒಂದೇ ಕೊಳವೆಬಾವಿಯದೇ ಎಂದು ಕೇಳಿದಿರಿ. ನಾನು ಹೌದು ಎಂದೆ. ಊರಿಗೆ ಬಂದು ವಿಚಾರಿಸಿದರೆ ಅದು ಸರಿಯಲ್ಲ. ಬೇಯಿಸುವುದಕ್ಕೆ ಯಾವಾಗಲೂ ಕೊಳವೆಬಾವಿ ನೀರು, ಬೇಸಿನ್‌ಗೆ ಮಾತ್ರ ಸೋಮವಾರ ಮತ್ತು ಗುರುವಾರ ಟ್ಯಾಂಕರ್ ನೀರು. ಈ ವಾರದಿಂದ ಆ ಎರಡು ದಿನ ಎಳೆ ಎಷ್ಟು ಸಲ ತುಂಡಾಗುತ್ತದೆ ಎಂದು ಬೇರೆಯಾಗಿ ಬರೆದಿಡಿಸುತ್ತಿದ್ದೇನೆ.
>
> ನೀವು ಕೇಳಿದ ನೀರಿನ ವರದಿಯನ್ನು ಲಗತ್ತಿಸಿದ್ದೇನೆ. ಮಾದರಿ ತೆಗೆದದ್ದು ಎರಡು ತಿಂಗಳ ಹಿಂದೆ, ಕೊಳವೆಬಾವಿಯದು, ಟ್ಯಾಂಕರಿನದಲ್ಲ. ನೂರರ ಆಸುಪಾಸಿಗೆ ತರಲು ನೋಡಿ ಎಂದಿರಿ ಎಂದು ಗುರುತು ಹಾಕಿಕೊಂಡಿದ್ದೇನೆ, ಅದು ಗಡಸುತನವೋ ಟಿಡಿಎಸ್ಸೋ ಬರೆದುಕೊಳ್ಳಲಿಲ್ಲ. ಯಾವುದೆಂದು ತಿಳಿಸಿದರೆ ಸಾಕು.
>
> ನಿಮ್ಮ ಅಜ್ಜಿಯ ಮನೆಯ ಜಗುಲಿಯ ಮಾತನ್ನು ನಮ್ಮ ತಾಯಿಗೆ ಹೇಳಿದೆ. "ನಮ್ಮನ್ನಾದರೋ ಜಗುಲಿಗೂ ಬಿಡುತ್ತಿರಲಿಲ್ಲ, ಅಲ್ಲಿ ಸೊಪ್ಪು ಇರುತ್ತಿತ್ತು" ಎಂದರು.
>
> ವಂದನೆಗಳೊಂದಿಗೆ,
> (ಹೆಸರು, ಫೋನ್ ಸಂಖ್ಯೆ)

ತುಮಕೂರು ಬಸ್ಸಿನ ಕಿಟಕಿ · ಶನಿವಾರ ಬೆಳಿಗ್ಗೆ 10:58

ಕಳಿಸಿ. ನಿಮ್ಮ ತಾಯಿಯ ಮಾತನ್ನು ಯಾರೂ ಹೇಳಿಕೊಡಲು ಆಗುತ್ತಿರಲಿಲ್ಲ. ಒಂದೇ ತಿದ್ದುಪಡಿ: "ಅಂಗೈಯಲ್ಲಿ ಉಜ್ಜಿ ನೋಡಿದಿರಿ" ಎಂಬ ವಾಕ್ಯ ತೆಗೆದರೂ ನಡೆಯುತ್ತದೆ. ಬೆಂಕಿಪೊಟ್ಟಣ ಎಂದ ಮೇಲೆ ಉಳಿದದ್ದು ಅವರಿಗೇ ನೆನಪಾಗಲಿ.

ಚಿಂತಾಮಣಿ ಮೋಟಾರು ಪಂಪು · ಶನಿವಾರ ಬೆಳಿಗ್ಗೆ 11:20

ಟ್ಯಾಂಕರ್ ನೀರಿನ ಗಡಸುತನ ಯಾರು ನೋಡಿದ್ದಾರೆ? ಟ್ಯಾಂಕರಿನವನು ತರುವುದೂ ಇನ್ನೊಂದು ಕೊಳವೆಬಾವಿಯ ನೀರನ್ನೇ. ಒಂದು ಬಾಟಲಿ ಅದನ್ನೂ ಪರೀಕ್ಷೆಗೆ ಕೊಡಿ.

ಹಿಪ್ಪುನೇರಳೆ ಹಳಬ · ಶನಿವಾರ ಬೆಳಿಗ್ಗೆ 11:32

ಪಂಪಿನವರೇ, ಇದು ಒಪ್ಪತಕ್ಕ ಮಾತು.

ಶಿಡ್ಲಘಟ್ಟದ ನೂಲಿನವ · ಸೋಮವಾರ ರಾತ್ರಿ 9:00

ಶನಿವಾರ ಮಧ್ಯಾಹ್ನವೇ ಕಳಿಸಿದೆ. ಇನ್ನೂ ಉತ್ತರವಿಲ್ಲ. ಒಮ್ಮೆ ನೆನಪಿಸಲೇ?

ತುಮಕೂರು ಬಸ್ಸಿನ ಕಿಟಕಿ · ಸೋಮವಾರ ರಾತ್ರಿ 9:14

ಬೇಡ. ನಡುವೆ ಭಾನುವಾರ ಇತ್ತು. ಒಂದು ವಾರ, ಹತ್ತು ದಿನ ಬಿಡಿ. ಆಗಲೂ "ಮೇಲ್ ನೋಡಿದಿರಾ" ಎಂದು ಕೇಳಬೇಡಿ. ಅದೇ ಮೇಲ್‌ಗೆ ಉತ್ತರವಾಗಿ ಹೊಸ ಸಂಗತಿ ಏನಾದರೂ ಬರೆಯಿರಿ. ಟ್ಯಾಂಕರ್ ನೀರಿನ ವರದಿ ಬಂದಿರುತ್ತದೆ, ತುಂಡಾದ ಎಳೆಗಳ ಲೆಕ್ಕವೂ ಇರುತ್ತದೆ.

ಶಿಡ್ಲಘಟ್ಟದ ನೂಲಿನವ · ಬುಧವಾರ ಸಂಜೆ 6:35

ಬಂತು! ಅವರ ಒಪ್ಪಿಗೆ ಕೇಳದೆ ಪೂರ್ತಿ ಹಾಕುವುದು ಸರಿಯಲ್ಲ, ಸಾರ ಹೇಳುತ್ತೇನೆ. ನೂರು ಎಂದದ್ದು ಗಡಸುತನಕ್ಕೇ, ಹಳಬರ ಊಹೆ ಸರಿ. ಆದರೆ ಅದೊಂದನ್ನೇ ಹಿಡಿದುಕೊಳ್ಳಬೇಡಿ, ಪಿಎಚ್ ಮತ್ತು ಕ್ಷಾರತೆಯನ್ನೂ ನೋಡಬೇಕು ಎಂದಿದ್ದಾರೆ. ನನ್ನ ವರದಿಯಲ್ಲಿ ಕ್ಷಾರತೆಯ ಸಾಲು ಇಲ್ಲವೇ ಇಲ್ಲ. ಮೊದಲು ಬೇಯಿಸುವ ನೀರನ್ನು ಮಾತ್ರ ಬದಲಿಸಿ ನೋಡಿ, ಬೇಸಿನ್ನಿನದನ್ನು ಆಮೇಲೆ ನೋಡೋಣ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದೂ ಬರೆದಿದ್ದಾರೆ.

ಆದರೆ ನನ್ನನ್ನು ಬೆರಗಾಗಿಸಿದ್ದು ಕೊನೆಯ ಸಾಲು. "ನಿಮ್ಮ ತಂದೆಯವರು ಚರಕದ ಕಾಲದಲ್ಲಿ ಕೆರೆಯ ನೀರನ್ನು ಹಿಂದಿನ ದಿನವೇ ತಂದು ತುಂಬಿಸಿಡುತ್ತಿದ್ದರು ಎಂದಿರಿ. ಅದನ್ನು ಎಷ್ಟು ಹೊತ್ತು ನಿಲ್ಲಿಸುತ್ತಿದ್ದರು, ಕೇಳಿ ತಿಳಿಸುತ್ತೀರಾ?" ಎಂದು ಕೇಳಿದ್ದಾರೆ. ಈ ಮಾತನ್ನು ನಾನು ಹೇಳಿದ್ದೇ ನನಗೆ ನೆನಪಿಲ್ಲ. ಕಾರ್ಡಿನ ಹಿಂದೆಯೂ ಇಲ್ಲ.

ಗೌರಿಬಿದನೂರು ಎಂಜಿನಿಯರ್ ಹುಡುಗ · ಬುಧವಾರ ಸಂಜೆ 6:50

ನಾವು ನಮ್ಮ ಮಾತನ್ನು ಗುರುತು ಹಾಕಿಕೊಳ್ಳುವುದೇ ಇಲ್ಲ ಅಣ್ಣಾ, ಅವರದ್ದನ್ನು ಮಾತ್ರ.

ಮಧುಗಿರಿ ಬೆಟ್ಟದ ನೆರಳು · ಬುಧವಾರ ಸಂಜೆ 7:05

ಅಮ್ಮನ ವಿಷಯ ಏನಾದರೂ ಬರೆದಿದ್ದಾರಾ?

ಶಿಡ್ಲಘಟ್ಟದ ನೂಲಿನವ · ಬುಧವಾರ ರಾತ್ರಿ 8:45

ಇಲ್ಲ ಸರ್. ನಾನೂ ಕೇಳಿರಲಿಲ್ಲ, ಅವರೂ ಬರೆದಿಲ್ಲ. ಕೇಳಬೇಕಿತ್ತೋ ಏನೋ, ಇನ್ನೂ ತಿಳಿಯುತ್ತಿಲ್ಲ.

ಅಪ್ಪನನ್ನು ಕೇಳಿದೆ. ಸಂಜೆ ತುಂಬಿಸಿ ಬೆಳಗಿನ ಜಾವಕ್ಕೆ ಮೇಲಿನ ತಿಳಿಯನ್ನು ಮಾತ್ರ ತೆಗೆಯುತ್ತಿದ್ದರಂತೆ, ತಳದ ಒಂದು ಗೇಣು ನೀರನ್ನು ಹಿತ್ತಲಿಗೆ ಚೆಲ್ಲುತ್ತಿದ್ದರಂತೆ. ಅದು ಕೆಸರು ಇಳಿಯಲೆಂದೇ ಹೊರತು ಗಡಸುತನಕ್ಕಲ್ಲ, ಕೆರೆಯ ನೀರು ಮೊದಲೇ ಮೆದು ಎನ್ನುತ್ತಾರೆ. ಅಪ್ಪನ ಮಾತನ್ನು ಅವರು ಹೇಳಿದ ಹಾಗೆಯೇ ಬರೆದು, ಟ್ಯಾಂಕರ್ ನೀರಿನ ವರದಿಯ ಜೊತೆ ನಾಳೆ ಕಳಿಸುತ್ತೇನೆ.

ಕೋಲಾರದ ನಿವೃತ್ತ ಗುಮಾಸ್ತ · ಬುಧವಾರ ರಾತ್ರಿ 9:10

ಈ ಸಲವಾದರೂ "ಉಲ್ಲೇಖ" ಹಾಕು ತಮ್ಮಾ. ಈಗ ನಿನ್ನ ಹತ್ತಿರ ಅವರ ಪತ್ರವೇ ಇದೆ.

ಶಿಡ್ಲಘಟ್ಟದ ನೂಲಿನವ · ಬುಧವಾರ ರಾತ್ರಿ 9:12

ಅದೇ ಮೇಲ್‌ಗೆ ಉತ್ತರ ಒತ್ತಿದರೆ ಕೆಳಗೆ ತಾನಾಗಿಯೇ ಬರುತ್ತದೆ ಸರ್.